ಕ್ಯಾಪ್ ಇಲ್ಲದ ಲತೀಶ

ರಂಜನ್ ತನ್ನ ದಟ್ಟ ಕೂದಲೊಳಗೆ ಬೆರಳಾಡಿಸಿದಾಗಲೆಲ್ಲ ಲತೀಶನ ಹೊಟ್ಟೆ ಉರಿಯುತ್ತಿತ್ತು. ಲತೀಶನಿಗೆ ಮೂವತ್ತಾರು. ಹಣೆ ಎರಡೂ ಬದಿಯಿಂದ ಸದ್ದಿಲ್ಲದೆ ಮೇಲೇರುತ್ತಿತ್ತು. ಅದಕ್ಕೇ ಈಚೆಗೆ ಕ್ಯಾಪ್ ಹಾಕತೊಡಗಿದ್ದ.

ಮೊದಲು ಬೆಳಗಿನ ಪ್ರಯಾಣ ಅವನದು ಮತ್ತು ಸೌಜನ್ಯಳದು ಮಾತ್ರ ಆಗಿತ್ತು. ಇಬ್ಬರೂ ಡೊಂಬಿವಲಿಯಲ್ಲಿ ಬೆಳೆದವರು, ಮನೆಯವರು ಉಡುಪಿ ಕಡೆಯವರು. ಥಾಣೆಯಲ್ಲಿ ಇಳಿದು ಐರೋಲಿಯ ಲೋಕಲ್ ರೈಲುಗಾಡಿಗೆ ಒಟ್ಟಿಗೆ ಕಾಯುತ್ತಿದ್ದರು. ಅವಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದರೂ ಈ ಮಹಾಶಯ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ರಂಜನ್ ಅವಳ ಆಫೀಸಿಗೆ ಸೇರಿ, ಥಾಣೆಯ ಘೋಡಬಂದರ್ ರಸ್ತೆಯಲ್ಲಿ ಮನೆ ಮಾಡಿ, ಅದೇ ಪ್ಲಾಟ್‌ಫಾರ್ಮಿಗೆ ವಕ್ಕರಿಸಿದ.

ಅಂದಿನಿಂದ ಕನಸು ಶುರುವಾಯಿತು. ಸೌಜನ್ಯ ಪ್ರೀತಿಯಿಂದ ತಲೆ ಸವರುತ್ತಾಳೆ, ಕೂದಲು ಹಿಡಿಹಿಡಿಯಾಗಿ ಅವಳ ಕೈಗೆ ಬರುತ್ತದೆ. ಅವನು ಬಗ್ಗಿ ಆರಿಸಲು ಹೋದರೆ ಕೈಗೆ ಸಿಗುವುದಿಲ್ಲ. ತಲೆ ಎತ್ತಿದರೆ ಅವಳು ರಂಜನ್ ಜತೆ ಗಾಡಿ ಹತ್ತಿರುತ್ತಾಳೆ. ಬೆಳಗಿನ ಜಾವ ಎದ್ದವನೇ ಲತೀಶ ದಿಂಬು ತಡಕುತ್ತಿದ್ದ.

"ಕೂದಲು ಉದುರುವ ಕನಸು ಒಳ್ಳೆಯದಲ್ಲ," ಎಂದು ಅಮ್ಮ ಹೆದರಿಸಿದರು. ಚರ್ಮದ ಡಾಕ್ಟರ್ ನಕ್ಕುಬಿಟ್ಟರು. ಹಣೆ ಮೇಲೇರುವುದು ವಂಶದಿಂದ ಬಂದದ್ದು, ಅದು ನಿಧಾನದ ಕೆಲಸ, ಕನಸಿಗೂ ಅದಕ್ಕೂ ಸಂಬಂಧವಿಲ್ಲ ಎಂದರು.

ಒಂದು ದಿನ ರಂಜನ್ ರಜೆ ಹಾಕಿದ್ದ. ಲತೀಶನಿಗೆ ಹಬ್ಬ. ಆದರೆ ಸೌಜನ್ಯ ಅವನ ಕೆಂಪು ಕಣ್ಣನ್ನೇ ನೋಡಿದಳು.

"ನಿದ್ದೆ ಇಲ್ವಾ ಮಾರಾಯ? ಎಂತ ಆಯ್ತು ನಿಂಗೆ?"

ಮುಚ್ಚಿಡಲು ಆಗಲಿಲ್ಲ. ತಲೆ ಸವರಿದ ಕೈ ಯಾರದೆಂದು, ಜತೆಗೆ ಹೋದವನು ಯಾರೆಂದು ಮಾತ್ರ ನುಂಗಿಕೊಂಡು ಉಳಿದ ಕನಸು ಹೇಳಿದ.

"ಮಲಗುವ ಮುಂಚೆ ಎಂತ ಮಾಡ್ತಿ?"

"ಹಳೇ ಫೋಟೋ ನೋಡ್ತೇನೆ. ಕನ್ನಡಿ ನೋಡ್ತೇನೆ. ಮತ್ತೆ..." ಇನ್‌ಸ್ಟಾಗ್ರಾಮಿನಲ್ಲಿ ರಂಜನ್‌ನ ಕೂದಲನ್ನು ದೊಡ್ಡದು ಮಾಡಿ ನೋಡುವುದನ್ನು ಹೇಗೆ ಹೇಳುವುದು?

"ಹಗಲಿಡೀ ಅದೇ ಚಿಂತೆ, ಮಲಗುವಾಗಲೂ ಅದೇ. ಮತ್ತೆ ಕನಸಲ್ಲಿ ಬೇರೆ ಎಂತ ಬರ್ಬೇಕು?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಂಗೆ ಉಗುರು ಮುರಿಯುವ ಕನಸು ಬೀಳ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿ ಇದ್ದಾಗ. ಓಡುವ ಗಾಡಿಯ ಕಂಬಿ ಹಿಡ್ಕೊಂಡಿರ್ತೇನೆ, ಉಗುರು ಒಂದೊಂದೇ ಮುರೀತದೆ. ಯಾವುದೂ ನಮ್ಮ ಕೈಯಲ್ಲಿಲ್ಲ ಅನ್ನಿಸಿದಾಗ ಹೀಗಾಗ್ತದಂತೆ. ವಾಶಿಯ ಕೌನ್ಸೆಲರ್ ಒಂದು ಅಭ್ಯಾಸ ಹೇಳಿಕೊಟ್ರು."

ಅಭ್ಯಾಸ ಸರಳ. ಹಗಲಿನಲ್ಲಿ, ಪೂರ್ತಿ ಎಚ್ಚರವಿರುವಾಗ, ಕನಸಿಗೆ ಬೇರೆ ಕೊನೆ ಕಟ್ಟಬೇಕು. ಹಳೆಯದನ್ನು ಕೆದಕದೆ ಹೊಸದನ್ನು ಮಾತ್ರ ಕಣ್ಣಿಗೆ ಕಟ್ಟುವಂತೆ ದಿನವೂ ಸ್ವಲ್ಪ ಹೊತ್ತು ನೆನೆಯಬೇಕು. ಕೆಲವು ವಾರಗಳಲ್ಲಿ ಕನಸಿನ ಹಲ್ಲು ಮೊಂಡಾಗುತ್ತದೆ.

"ಹೇಳು, ನಿನ್ನ ಹೊಸ ಕೊನೆ ಎಂತ?"

"ರಂಜನ್‌ನ ಕೂದಲೂ ಉದುರ್ತದೆ," ಎಂದುಬಿಟ್ಟ ಲತೀಶ.

ಸೌಜನ್ಯಳ ಹುಬ್ಬು ಮೇಲೇರಿತು. ಅವಳ ಕಣ್ಣಂಚಿನಲ್ಲಿ ನಗು ಬಂದು ನಿಂತಿತು. "ಅದು ಮದ್ದಲ್ಲ, ಹೊಟ್ಟೆಕಿಚ್ಚು. ಅವನ ಕೂದಲನ್ನು ನಾನೇ ಅಷ್ಟು ನೋಡಿಲ್ಲ. ನೀನು ಮಾಡಬಹುದಾದ್ದನ್ನು ಯೋಚಿಸು."

ಲತೀಶ ರಾತ್ರಿ ಫೋಟೋ ನೋಡುವುದನ್ನು ಬಿಟ್ಟ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿ ಹೊಸ ಕೊನೆಯನ್ನು ನೆನೆದ. ಅದರಲ್ಲಿ ಕೂದಲು ಉದುರುತ್ತದೆ. ಅವನು ಬಗ್ಗಿ ಆರಿಸುವುದಿಲ್ಲ, ಅವಳ ಮುಖ ನೋಡಿ ಹೇಳಬೇಕಾದ್ದನ್ನು ಹೇಳುತ್ತಾನೆ. ಮೊದಲ ವಾರ ಏನೂ ಬದಲಾಗಲಿಲ್ಲ. ಮುಂದೆ ಕನಸು ಅಪರೂಪವಾಯಿತು. ಒಂದು ಮುಂಜಾನೆ ಕನಸಿನಲ್ಲಿ ಕೂದಲು ಉದುರಿತು, ಅವನು ಬಗ್ಗಲಿಲ್ಲ.

ಆ ದಿನ ಕ್ಯಾಪ್ ಮನೆಯಲ್ಲೇ ಉಳಿಯಿತು.

"ಏನ್ ಗುರು, ಕ್ಯಾಪ್ ಎಲ್ಲಿ?" ಎಂದ ರಂಜನ್, ಕೂದಲೊಳಗೆ ಬೆರಳಾಡಿಸುತ್ತ. ಲತೀಶನ ಹೊಟ್ಟೆ ಎಂದಿನಂತೆ ಉರಿಯಿತು. ಉರಿದರೆ ಉರಿಯಲಿ ಎಂದುಕೊಂಡು ಅವನು ಸೌಜನ್ಯಳನ್ನು ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ಕರೆದ.

"ಕನಸಲ್ಲಿ ತಲೆ ಸವರುವುದು ನೀನೇ. ನಂಗೆ ನೀನು ಬೇಕು ಸೌಜನ್ಯ. ಕೂದಲು ಉಳೀತದೆ ಅಂತ ಗ್ಯಾರಂಟಿ ಇಲ್ಲ."

ಅವಳು ಅವನ ಮೇಲೇರುತ್ತಿದ್ದ ಹಣೆಯನ್ನು ಅವಸರವಿಲ್ಲದೆ ನೋಡಿದಳು. ಲತೀಶ ಕೈ ಮೇಲೆತ್ತಿ ಮರೆಮಾಡಲಿಲ್ಲ.

"ನನ್ನ ಕನಸಿನ ಹೊಸ ಕೊನೆ ನೀನು ಕೇಳಲೇ ಇಲ್ಲ," ಎಂದಳು. "ಕಂಬಿ ಬಿಟ್ಟುಬಿಡ್ತೇನೆ. ಒಳಗಿಂದ ಒಬ್ಬ ಕೈ ಹಿಡೀತಾನೆ. ರಂಜನ್ ಈ ಊರಿಗೆ ಬರುವ ಮುಂಚೆಯೇ ಅವನನ್ನು ಅಲ್ಲಿ ಇಟ್ಟಾಗಿತ್ತು. ಇದೇ ಹಣೆ. ಕ್ಯಾಪ್ ಇರಲಿಲ್ಲ."

ಐರೋಲಿಯ ಗಾಡಿ ಬಂತು. ರಂಜನ್ ಬಾಗಿಲಿನಿಂದ ಕೂಗಿದ. ಇಬ್ಬರೂ ಕದಲಲಿಲ್ಲ.

"ಇಷ್ಟು ದಿನದಿಂದ ನಿನ್ನ ಕೈ ಹಿಡ್ಕೊಂಡಿದ್ದಾನಾ ಅವನು?"

"ಹೂಂ. ಬಿಡದೆ."

ಲತೀಶನಿಗೆ ಅವಳ ಕನಸಿನ ಆ ಇನ್ನೊಬ್ಬ ಲತೀಶನ ಮೇಲೆ ಭಯಂಕರ ಹೊಟ್ಟೆಕಿಚ್ಚಾಯಿತು. ಅವನು ಅವಳ ಕೈ ಹಿಡಿದುಕೊಂಡ.