‘ಆಯಿತು’ ಅಂದರೆ ಬರ್ತೀನಿ ಅಂತಾನಾ?

ಮೊಬೈಲಿಗೆ ಬಂದ ಅವನ ಉತ್ತರವನ್ನು ಅವಳು ಏಳನೇ ಸಲ ಓದಿದಳು. “ಆಯಿತು.” ಕೊನೆಗೊಂದು ಚುಕ್ಕೆ ಬೇರೆ!

‘ಭಾನುವಾರ ಮನೆಗೆ ಬಂದು ಅಮ್ಮನ ಹತ್ರ ನಮ್ಮ ವಿಷ್ಯ ಮಾತಾಡ್ತೀರಾ?’ ಎಂದು ಕೇಳಲು ಎರಡು ವಾರ ಧೈರ್ಯ ಕೂಡಿಸಿದ್ದಳು. ಮನಸ್ಸಿದ್ದವನು ಹೀಗೆ ಬರೆಯುತ್ತಾನೆಯೇ?

ಅವಳದು ಡಬ್ಬಿಂಗ್ ಕೆಲಸ. ಮಾತಿನ ನಾಡಿ ಹಿಡಿಯುವುದರಲ್ಲಿ ಎತ್ತಿದ ಕೈ. ಬಾಯಲ್ಲಿ ‘ಆಯ್ತು’ ಅಂದರೆ ಒಪ್ಪಿಗೆ. ‘ಆಯ್ತೂ...’ ಎಂದು ಎಳೆದರೆ ಅರೆಮನಸ್ಸು. ‘ಆಯ್ತು ಬಿಡಿ’ ಅಂದರೆ ಮುನಿಸು. ಬರವಣಿಗೆಯ ‘ಆಯಿತು’ ಮಾತ್ರ ಸಾಮಾನ್ಯವಾಗಿ ವರದಿ: ಸಭೆ ಆಯಿತು, ತಡವಾಯಿತು. ಒಪ್ಪಿಗೆಗೂ ಬರೆಯುತ್ತಾರೆ, ನಿಜ; ಆದರೆ ಅರ್ಜಿಗೆ ಮೊಹರು ಒತ್ತಿದ ಹಾಗೆ.

ಮೈಕಿನ ಮುಂದೆ ನಿಂತು ಅದನ್ನೇ ನಾಲ್ಕು ಬಗೆಯಲ್ಲಿ ಹೇಳಿ ನೋಡಿದಳು. ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ಕೇಳಿದ: “ಯಾರು ತೀರ್ಕೊಂಡ್ರು ಮೇಡಂ?”

ಊಟದ ಬಿಡುವಿನಲ್ಲಿ ನೆಟ್ಟಗೆ ಅವನ ಪ್ರೆಸ್ಸಿಗೇ ನಡೆದಳು. ಅವನು ಅಲ್ಲಿ ಪ್ರೂಫ್ ತಿದ್ದುವವನು. ಪುಟ ಜೋಡಿಸುವ ಹುಡುಗಿ, “ಕೂತ್ಕೊಳ್ಳಿ, ಕರೀತೀನಿ” ಎಂದು ಮೆಸೇಜ್ ಹಾಕಿ, ಪರದೆಯನ್ನು ಇವಳತ್ತ ತಿರುಗಿಸಿದಳು. “ಬಂತು ನೋಡಿ.”

‘ಆಯ್ತು ಕಣೇ, ಬಂದೆ.’

ಕಣೇ! ಇವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

ಅವನು ಕಿವಿಗೆ ಪೆನ್ನು ಸಿಕ್ಕಿಸಿಕೊಂಡೇ ಬಂದ. ಇವಳನ್ನು ಕಂಡವನೇ ಮುಖವರಳಿಸಿದ.

“ಅವಳಿಗೆ ಆಯ್ತು, ನಂಗೆ ಆಯಿತು. ಯಾಕೆ?” ಎಂದಳು ಇವಳು.

“ಅವಳು ನನ್ನ ಚಿಕ್ಕಪ್ಪನ ಮಗಳು ರೀ!”

“ಅದಿರ್ಲಿ. ನಂಗ್ಯಾಕೆ ನೋಟೀಸು? ಇಷ್ಟ ಇಲ್ದಿದ್ರೆ ನೇರ ಹೇಳಿ. ಸಂಜೆಯೊಳ್ಗೆ ಅಮ್ಮಂಗೆ ಉತ್ರ ಕೊಡ್ಬೇಕು. ಇಲ್ಲಾಂದ್ರೆ ಅವ್ರು ಬೇರೆ ಗಂಡಿನ ಕಡೆಯವ್ರನ್ನ ಬರೋಕೆ ಹೇಳ್ತಾರೆ.”

ಅವನ ಕಿವಿ ಕೆಂಪಾಯಿತು. ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟ. ಉತ್ತರದ ಕರಡು; ಅದರ ತುಂಬಾ ಕಾಟು, ಬಾಣ, ಸುತ್ತು. ಹೊಡೆದು ಹಾಕಿದ ಗೆರೆಗಳ ಕೆಳಗೆ ಅವಳು ಕಷ್ಟಪಟ್ಟು ಓದಿದಳು: ‘ಆಯ್ತು, ಬರ್ತೀನಿ. ಯಾವಾಗ ಕೇಳ್ತೀರಾ ಅಂತ ಕಾಯ್ತಿದ್ದೆ. ಭಯಾನೂ ಆಗ್ತಿದೆ.’

“ಬೇರೆಯವ್ರಿಗೆ ಬಾಯಿಗೆ ಬಂದಿದ್ದು ಬರ್ದುಬಿಡ್ತೀನಿ. ಮುಖ್ಯವಾದದ್ದನ್ನ ಮೂರು ಸಲ ತಿದ್ದದೆ ಬಿಡೋಕಾಗಲ್ಲ. ಮೊದಲ್ನೇ ಸಲ ಆಡುಮಾತು ಸರಿಮಾಡ್ದೆ. ಎರಡ್ನೇ ಸಲ ಭಯ ತೆಗ್ದೆ. ಮೂರ್ನೇ ಸಲ...”

“ಉಳಿದಿದ್ದನ್ನೆಲ್ಲ ತೆಗೆದ್ರಿ.”

“ಹ್ಞೂಂ.”

ಅನುಮಾನ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವಳು ಅಮ್ಮನಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟಳು. “ನೀವೇ ಹೇಳಿ. ತಿದ್ದೋಕೆ ಟೈಮಿಲ್ಲ.”

“ಹಲೋ... ಅಮ್ಮಾ...” ಅವನು ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ಅವಳನ್ನು ನೋಡಿದ. “ನಂಗೆ ಇವಳನ್ನ ಬಿಟ್ಟಿರೋಕೆ ಆಗಲ್ಲ.”

ಆ ಕಡೆಯಿಂದ ಅಮ್ಮನ ನಗು, ಈಚೆಗೂ ಕೇಳುವಷ್ಟು.

“ಭಾನುವಾರದವರೆಗೆ ತಡ್ಕೊಳ್ತೀಯೇನಪ್ಪಾ?”