ನೀರು ಬಿಟ್ಟವಳು

ಬೆಳಿಗ್ಗೆ ಏಳಕ್ಕೆ ಪಂಪ್ ಆಪರೇಟರ್ ನೀರು ಶುದ್ಧೀಕರಣ ಘಟಕದ ಎರಡನೇ ತೊಟ್ಟಿಯ ಬಳಿ ಬಂದ. ಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಇತ್ತು. ಎಡಗಾಲಿನ ಚಪ್ಪಲಿಯೊಳಗೆ ಮಡಿಸಿದ ಕಾಗದ. ಬಗ್ಗಿ ನೋಡಿದ. ನೀರಿನಲ್ಲಿ ಬಿಳಿ ಕೋಟು ತೇಲುತ್ತಿತ್ತು.

ಸತ್ತವಳು ಅಲ್ಲಿನ ಪ್ರಯೋಗಾಲಯದ ಟೆಕ್ನಿಷಿಯನ್. ಮೂವತ್ತೆಂಟು ವರ್ಷ. ದಿನಾ ಆರು ಗಂಟೆಗೆ ತೊಟ್ಟಿಯಿಂದ ನೀರಿನ ಮಾದರಿ ತೆಗೆಯುವುದು ಅವಳ ಕೆಲಸ.

ಇನ್ಸ್‌ಪೆಕ್ಟರ್ ಕಾಗದ ಬಿಡಿಸಿ ಓದಿದರು. ಆಕೆ ಮಾತು ಕಡಿಮೆ, ನೋಟ ಜಾಸ್ತಿ ಎಂದು ಠಾಣೆಯಲ್ಲಿ ಹೆಸರಾದ ಹೆಂಗಸು.

ಅಮ್ಮ ಪಾತ್ರೆಯ ತೊಳೆವಳು ನಿತ್ಯ
ತೊಳೆದುದನೆ ಮರಳಿ ತೊಳೆವಳು
ನನ್ನ ನಾಮವ ಮರೆತ ಮಾತೆ
ಹರಿಯುತಿದೆ ನೀರು ಎಡೆಬಿಡದೆ
ನಾನೂ ಜಲದಲಿ ಲೀನವಾಗುವೆ
ಜಗವೇ, ಇದೋ ವಿದಾಯ

"ಬರವಣಿಗೆ ಅವಳದ್ದೇ," ಎಂದ ಅವಳ ಅಣ್ಣ. ಅವನು ಬೋರ್ಡು ಬರೆಯುವ ಪೇಂಟರ್. ಅಕ್ಷರದ ವಿಷಯದಲ್ಲಿ ಅವನ ಕಣ್ಣು ಮೋಸ ಹೋಗುವುದಿಲ್ಲ. "ನಾಲ್ಕು ತಿಂಗಳ ಹಿಂದೆ ಅಮ್ಮ ಹೋದ್ರು. ಅವಾಗಿಂದ ಇವಳು ಸರಿ ಇರಲಿಲ್ಲ. ನಾನೇ ಬಂದು ಜೊತೇಲಿರಬೇಕಿತ್ತು."

ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಇನ್ಸ್‌ಪೆಕ್ಟರ್ ಕಾಗದವನ್ನು ಬೆಳಕಿಗೆ ಹಿಡಿದರು. ಎಡಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ಎರಡು ತೂತು. ಮೇಲಂಚನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು. ಸಾಯಲು ಹೊರಟವಳು ಹಾಳೆಯ ತಲೆ ಯಾಕೆ ಕತ್ತರಿಸಿದಳು? ಅವರು ಕಾಗದವನ್ನು ಲಕೋಟೆಗೆ ಹಾಕಿಕೊಂಡರು. "ಇದರಲ್ಲಿ ಏನಿದೆ ಅಂತ ಹೊರಗೆ ಹೋಗಬಾರದು," ಎಂದು ಅಣ್ಣನಿಗೂ ಆಪರೇಟರ್‌ಗೂ ಎಚ್ಚರಿಸಿದರು.

"ನಾನು ಮುಟ್ಟೇ ಇಲ್ಲ ಮೇಡಂ," ಎಂದ ಆಪರೇಟರ್.

*  *  *

ಮಧ್ಯಾಹ್ನ ಒಬ್ಬಳು ಠಾಣೆಗೆ ತಾನಾಗಿಯೇ ಬಂದಳು. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವಳು. ಸತ್ತವಳ ಗೆಳತಿ, ಹೈಸ್ಕೂಲಿನಿಂದ. ಅತ್ತು ಅತ್ತು ಮುಖ ಊದಿತ್ತು, ಮಾತು ಮಾತ್ರ ನೆಟ್ಟಗಿತ್ತು.

"ಕವಿತೆ ಬರೆದಿಟ್ಟು ಹೋದಳು ಅಂತ ಅವಳಣ್ಣ ಹೇಳಿದ. ಅದೇನು ಅಂತ ಹೇಳಲಿಲ್ಲ, ಪೊಲೀಸರು ಬೇಡ ಅಂದಿದ್ದಾರಂತೆ. ನಾನು ನೋಡಬಹುದಾ?"

ಇನ್ಸ್‌ಪೆಕ್ಟರ್ ಲಕೋಟೆ ಮುಂದಿಟ್ಟರು. ಅವಳು ಒಮ್ಮೆ ಓದಿದಳು. ಮತ್ತೆ ಓದಿದಳು.

"ಕೈ ಅವಳದ್ದು. ಕವಿತೆ ಅವಳದ್ದಲ್ಲ."

"ಹೇಗೆ ಹೇಳ್ತೀರಿ?"

"ಅವಳು ಜನ್ಮದಲ್ಲಿ ಯಾರನ್ನೂ 'ಮಾತೆ' ಅಂದವಳಲ್ಲ ಮೇಡಂ. ಲೋಟಕ್ಕೆ ಲೋಟ ಅನ್ನೋಳು."

"ಅದು ನಿಮ್ಮ ಅಭಿಪ್ರಾಯ. ಕೋರ್ಟಲ್ಲಿ ಅಭಿಪ್ರಾಯ ನಿಲ್ಲಲ್ಲ."

ಗೆಳತಿ ಫೋನ್ ತೆಗೆದಳು. "ಹಾಗಾದ್ರೆ ತಾರೀಖು ನೋಡಿ."

ಇಪ್ಪತ್ತೈದು ದಿನದ ಹಿಂದೆ ಬಂದ ಚಿತ್ರ. ಗೆರೆ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕೇ ಸಾಲು.

ಅಮ್ಮ ಲೋಟ ತೊಳೀತಾಳೆ
ತೊಳೆದದ್ದನ್ನೇ ತೊಳೀತಾಳೆ
ನನ್ನ ಹೆಸರು ಮರೆತಳು, ನಲ್ಲಿ ಮರೆಯಲಿಲ್ಲ
ನೀರು ಬಿಟ್ಟೇ ಇದೆ

ಕೆಳಗೆ ಒಂದು ಮಾತು: "ಮುಂದಕ್ಕೆ ಹೋಗ್ತಿಲ್ಲ ಕಣೇ."

ಅದಕ್ಕೆ ಗೆಳತಿಯ ಉತ್ತರ: "ಓದಿದೆ. ನೀನು ಹೇಗಿದ್ದೀಯ, ಅದು ಮೊದಲು ಹೇಳು. ಕವಿತೆಗೆ ಉತ್ತರ ಬೇಕಾ, ಇಲ್ಲ ಸುಮ್ಮನೆ ನನ್ನ ಹತ್ರ ಇಟ್ಕೊಂಡಿರಲಾ?"

"ಇದೇನು, ಇಷ್ಟು ಸುತ್ತಿ ಬಳಸಿ?" ಎಂದರು ಇನ್ಸ್‌ಪೆಕ್ಟರ್.

"ಒಂದ್ಸಲ ಪೆಟ್ಟು ತಿಂದಿದ್ದೀನಿ. ಪ್ರೂಫ್ ನೋಡೋರ ಕೈ ಸುಮ್ಮನಿರಲ್ಲ. ಲಗ್ನಪತ್ರಿಕೆ ಕೊಟ್ರೂ ವಧು ಯಾರು ಅಂತ ನೋಡೋಕೆ ಮೊದಲು ದೀರ್ಘ ಬಿಟ್ಟುಹೋಗಿದೆಯಾ ಅಂತ ನೋಡ್ತೀವಿ. ಅವಳು ಮೊದಲನೇ ಸಲ ಒಂದು ಪದ್ಯ ತೋರಿಸಿದಾಗ ಮೂರು ಪದ ಬದಲಾಯಿಸಿ, ಕೊನೆಗೊಂದು ಸಾಲು ಸೇರಿಸಿ ಕೊಟ್ಟೆ. ಪ್ರೀತಿಯಿಂದಾನೇ. ಚೆನ್ನಾಗಿದೆ ಅಂದಳು. ಆಮೇಲೆ ಎರಡು ವರ್ಷ ಏನೂ ತೋರಿಸಲಿಲ್ಲ."

"ಆಮೇಲೆ?"

"ಆಮೇಲೆ ಕಲಿತೆ. ಅವಳ ಹಾಳೆ ಮೇಲೆ ಬರೆಯಲ್ಲ. ಪದ ಕೊಡಲ್ಲ. ಎಲ್ಲಿ ಓದು ನಿಂತಿತು, ಎಲ್ಲಿ ಎದೆಗೆ ತಾಗಿತು, ಅಷ್ಟು ಹೇಳ್ತೀನಿ. ಗೊತ್ತಾಗದೇ ಇದ್ದದ್ದನ್ನ ಕೇಳ್ತೀನಿ. ವ್ಯಾಕರಣ ತಪ್ಪಿದ್ರೆ, ಅದು ಕೈ ತಪ್ಪೋ ಬೇಕಂತಲೇ ಹಾಗೋ ಅಂತ ಕೇಳಿ ಬಿಡ್ತೀನಿ. ಸಾಲು ನನ್ನ ಬಾಯಿಗೇ ಬಂದಿರುತ್ತೆ, ನುಂಗ್ಕೋತೀನಿ."

ಇನ್ಸ್‌ಪೆಕ್ಟರ್ ಮುಂದಕ್ಕೆ ಓದಿದರು. ಆ ದಿನದ ಎರಡನೇ ಉತ್ತರ ಹೀಗಿತ್ತು:

"'ನಲ್ಲಿ ಮರೆಯಲಿಲ್ಲ' ಅನ್ನೋವಾಗ ನನ್ನ ಉಸಿರು ಹಿಡೀತು. ಅದನ್ನ ಮುಟ್ಟಬೇಡ. 'ತೊಳೀತಾಳೆ' ಎರಡು ಸಲ ಬರುತ್ತೆ, ನನಗದು ಅಮ್ಮನ ಕೈ ಆಡಿದ ಹಾಗೇ ಕೇಳಿಸ್ತು. ಒಂದೇ ಕಡೆ ನಾನು ದಾರಿ ತಪ್ಪಿದೆ. 'ನೀರು ಬಿಟ್ಟೇ ಇದೆ' ಅಂದ್ಯಲ್ಲ, ಬಿಟ್ಟಿದ್ದು ಯಾರು?"

ಆ ಪ್ರಶ್ನೆಗೆ ಹತ್ತು ದಿನ ಉತ್ತರವಿರಲಿಲ್ಲ. ಹನ್ನೊಂದನೇ ದಿನ ಒಂದು ಸಂದೇಶ: "ಯಾರೋ ಒಬ್ರು ಮುಗಿಸಿಕೊಟ್ರು. ದೊಡ್ಡವರು, ಬೇಡ ಅನ್ನೋಕಾಗಲಿಲ್ಲ. ನೀಟಾಗಿ ಬರೆದೂ ಕೊಟ್ಟೆ. ನನ್ನ ಅಮ್ಮ ಅದರಲ್ಲಿಲ್ಲ. ನಾಳೆ ವಾಪಸ್ ಕೇಳ್ತೀನಿ."

"ಯಾರು ಅಂತ ಕೇಳಲಿಲ್ವಾ?"

"ಕೇಳಲಿಲ್ಲ. ನಾಚಿಕೆ ಪಟ್ಕೊಂಡಿದ್ದಳು. 'ನಿನ್ನ ನಾಲ್ಕು ಸಾಲು ನನ್ನ ಹತ್ರ ಹಾಗೇ ಇದೆ' ಅಂತ ಬರೆದೆ. ಅಷ್ಟೇ." ಗೆಳತಿ ತನ್ನ ಆ ಸಂದೇಶದ ಮೇಲೆ ಬೆರಳಿಟ್ಟಳು. "ಒಂದು ಹೆಸರು ಕೇಳಿದ್ರೆ ಆಗಿತ್ತು ಮೇಡಂ."

ಕೊನೆಯ ಚಿತ್ರ ಸಾಯುವ ಹಿಂದಿನ ಸಂಜೆಯದು. ಮೂರು ಸಾಲು ಇದ್ದ ಹಾಗೇ ಇದ್ದವು. ನಾಲ್ಕನೆಯದನ್ನು ಹೊಡೆದು ಹಾಕಿ ಹೊಸದಾಗಿ ಬರೆದಿದ್ದಳು.

ನೀರು ಬಿಟ್ಟವಳು ನಾನೇ

ಅದರ ಕೆಳಗೆ: "ಬಿಟ್ಟಿದ್ದು ಯಾರು ಅಂತ ಕೇಳಿದ್ಯಲ್ಲ. ಸಿಕ್ತು. ಕೊನೆ ಸಾಲೂ ಹೊಳೆದಿದೆ. ಬರೆದು ಕಳಿಸಲ್ಲ, ಭಾನುವಾರ ಬಂದು ಬಾಯಲ್ಲೇ ಹೇಳ್ತೀನಿ."

ಇನ್ಸ್‌ಪೆಕ್ಟರ್ ಫೋನನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಭಾನುವಾರಕ್ಕೆ ಮಾತು ಕೊಟ್ಟವಳು ಗುರುವಾರ ಬೆಳಿಗ್ಗೆ ತೊಟ್ಟಿಗೆ ಹಾರಿದ್ದಳಂತೆ. ಅದೂ ತಾನೇ ಬೇಡವೆಂದ ಪದ್ಯವನ್ನು ಚಪ್ಪಲಿಯಲ್ಲಿಟ್ಟು.

*  *  *

ಮೊದಲ ಅನುಮಾನ ಅಣ್ಣನ ಮೇಲೆ ಬಿತ್ತು. ಬೋರ್ಡಿನ ಜೊತೆಗೆ ಅವನು ಸನ್ಮಾನಪತ್ರಕ್ಕೆ ಪದ್ಯವನ್ನೂ ಬರೆದುಕೊಡುತ್ತಿದ್ದ. 'ಮಾತೆ', 'ಜಗವೇ' ಎಲ್ಲವೂ ಅವನ ಬತ್ತಳಿಕೆಯಲ್ಲಿದ್ದವು. ತಂಗಿಗೆ ಅವನು ದೊಡ್ಡವನೂ ಹೌದು.

ಇನ್ಸ್‌ಪೆಕ್ಟರ್ ಅವನ ಮನೆಗೆ ಹೋದರು. ಪೇಂಟ್ ಡಬ್ಬಿಗಳ ನಡುವೆ ಸ್ಟೂಲ್ ಎಳೆದುಕೊಂಡು, ಕೊನೆಯ ಚಿತ್ರದ ನಾಲ್ಕು ಸಾಲು ತೋರಿಸಿದರು. ಅವನು ಮೂರು ಸಾಲು ಸುಮ್ಮನೆ ಓದಿದ. ನಾಲ್ಕನೆಯದನ್ನು ಎರಡು ಸಲ ಓದಿದ.

"ಇದು ನನಗೆ ಗೊತ್ತಿರಲಿಲ್ಲ."

"ಏನು?"

"ಮರೆವು ಬಂದ ಮೇಲೆ ಅಮ್ಮ ದಿನವಿಡೀ ನಲ್ಲಿ ಮುಂದೆ ನಿಂತಿರ್ತಿದ್ರು. ನಲ್ಲಿ ತಿರುಗಿಸೋಕೆ ಅವರ ಕೈಲಿ ಶಕ್ತಿ ಇರಲಿಲ್ಲ. ಯಾರು ನೀರು ಬಿಡ್ತಾರೆ, ಎಲ್ಲಾ ಪೋಲು ಅಂತ ನಾನು ಬಂದಾಗಲೆಲ್ಲ ಕೂಗಾಡ್ತಿದ್ದೆ. ಇವಳು ತಲೆ ತಗ್ಗಿಸಿಕೊಂಡು ಸುಮ್ಮನಿರ್ತಿದ್ದಳು." ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಅಮ್ಮ ಆಡ್ಕೊಳ್ಳಲಿ ಅಂತ ಇವಳೇ ಬಿಟ್ಟಿದ್ದಳಾ."

"ಈ ಕವಿತೆ ಮುಂಚೆ ನೋಡಿರಲಿಲ್ವಾ?"

"ನನಗೆಲ್ಲಿ ತೋರಿಸ್ತಾಳೆ? ತೋರಿಸಿದ್ರೆ ನಾನು ತಿದ್ದಿಬಿಡ್ತೀನಿ ಅಂತ ಅವಳಿಗೆ ಗೊತ್ತು."

ಆ ಬೆಳಿಗ್ಗೆ ಐದರಿಂದ ಅವನು ಬಸ್ ನಿಲ್ದಾಣದ ಎದುರು ಏಣಿಯ ಮೇಲಿದ್ದ. ನೋಡಿದವರು ಹತ್ತು ಮಂದಿ ಸಿಕ್ಕರು. ಇನ್ಸ್‌ಪೆಕ್ಟರ್ ಅವನ ಹೆಸರನ್ನು ಪಟ್ಟಿಯಿಂದ ತೆಗೆದರು.

ಉಳಿದದ್ದು ಆ ಎರಡು ಪಿನ್ನಿನ ತೂತು. ಸ್ಟೇಪ್ಲರ್ ಹಾಕುವುದು ಕಚೇರಿಯಲ್ಲಿ.

*  *  *

ಪ್ರಯೋಗಾಲಯದ ಮುಖ್ಯಸ್ಥರು ಸಜ್ಜನರೆಂದು ಹೆಸರು ಪಡೆದವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಗೋಡೆಯ ಮೇಲೆ ಅವರ ಕವನ ಸಂಕಲನಗಳ ಬಿಡುಗಡೆಯ ಫೋಟೋ.

"ಒಳ್ಳೆ ಕೆಲಸಗಾರ್ತಿ. ಪಾಪ, ತಾಯಿ ಕೊರಗು," ಎಂದರು.

"ಕವಿತೆ ಬರೀತಿದ್ದರು ಅಂತ ಗೊತ್ತಿತ್ತಾ ಸರ್?"

"ಇಲ್ಲಮ್ಮ. ಅವಳ ಕವಿತೆ ಒಂದೂ ನೋಡಿಲ್ಲ."

ಇನ್ಸ್‌ಪೆಕ್ಟರ್ ನಿಟ್ಟುಸಿರಿಟ್ಟರು. "ಹೋಗ್ಲಿ ಬಿಡಿ. ಒಂದು ಪದ್ಯ ಬರೆದಿಟ್ಟಿದ್ದಾರೆ. ತಿಳಿದವರು ನೀವು, ಅದಕ್ಕೇ ಕೇಳ್ತೀನಿ. ಪ್ರೂಫ್ ನೋಡೋ ಹೆಂಗಸೊಬ್ಬಳು ಅದನ್ನ ಓದಿದಳು. ಶುರು ಚೆನ್ನಾಗಿದೆ, ಕೊನೆ ಮಾತ್ರ ಶಾಲೆ ಮಕ್ಕಳ ಬರಹ ಅಂದಳು."

ಮುಖ್ಯಸ್ಥರ ಹುಬ್ಬು ಗಂಟಿಕ್ಕಿತು. "ಪ್ರೂಫ್ ನೋಡೋರಿಗೆ ಏನು ಗೊತ್ತು?"

"ಶಬ್ದಾಡಂಬರ ಅಂತ."

"ಆಡಂಬರವೇ? 'ಜಲದಲಿ ಲೀನ' ಅನ್ನೋದರಲ್ಲಿರೋ ಧ್ವನಿ ಅವಳಿಗೆ ಕೇಳಿಸಲಿಲ್ವಂತಾ? ಲೋಟ, ನಲ್ಲಿ ಅಂತ ಅಡುಗೆಮನೆ ಮಾತಾಗಿದ್ದದ್ದನ್ನ..."

ಅವರು ತಟ್ಟನೆ ಮಾತು ನಿಲ್ಲಿಸಿದರು.

"ಹೇಳಿ ಸರ್," ಎಂದರು ಇನ್ಸ್‌ಪೆಕ್ಟರ್. "ಚೀಟಿಯಲ್ಲಿ ಲೋಟವೂ ಇಲ್ಲ, ನಲ್ಲಿಯೂ ಇಲ್ಲ. ಅವೆರಡೂ ಇರೋದು ಅವಳು ಪೆನ್ಸಿಲ್ಲಲ್ಲಿ ಬರೆದ ಮೊದಲ ಪ್ರತಿಯಲ್ಲಿ. 'ಜಲದಲಿ ಲೀನ' ಇರೋದು ಚೀಟಿಯಲ್ಲಿ. ಎರಡನ್ನೂ ಬಲ್ಲವರು ಅದನ್ನ ಇದಾಗಿಸಿದವರೇ."

ಜೊತೆಗೆ ಬಂದಿದ್ದ ಪೇದೆ ಪಕ್ಕದ ಕಪಾಟಿನಿಂದ, ಮುಖ್ಯಸ್ಥರೇ ಸಂಪಾದಿಸುವ ಕಚೇರಿಯ ವಾರ್ಷಿಕ ಸಂಚಿಕೆಯ ಫೈಲ್ ತಂದ. ಎಲ್ಲ ಬರಹಗಳೂ ಒಂದೇ ಬಗೆಯ ಹಾಳೆಯ ಮೇಲೆ. ತಲೆಯಲ್ಲಿ ಅಚ್ಚಾದ 'ವಾರ್ಷಿಕ ಸಂಚಿಕೆಗಾಗಿ'. ಎಡಮೂಲೆಯಲ್ಲಿ ಪಿನ್ನು. ಪರಿವಿಡಿಯ ಏಳನೇ ಸಾಲಿನಲ್ಲಿ ಸತ್ತವಳ ಹೆಸರಿತ್ತು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಲಾಗಿತ್ತು. ಏಳನೇ ಬರಹ ಫೈಲಿನಲ್ಲಿರಲಿಲ್ಲ.

ಅದೇ ಕಪಾಟಿನ ತಳದಲ್ಲಿ ಅವಳ ಪರೀಕ್ಷಾ ರಿಜಿಸ್ಟರ್ ಸಿಕ್ಕಿತು. ಮೂರು ಬಡಾವಣೆಗಳ ನೀರಿನಲ್ಲಿ ರೋಗಾಣು ಇದೆ ಎಂದು ಅವಳು ಬರೆದಿದ್ದಳು. ಮೇಲಕ್ಕೆ ಹೋದ ವರದಿಯಲ್ಲಿ ಅಂಕಿಗಳು ಬೇರೆಯಾಗಿದ್ದವು. ಮುಖ್ಯಸ್ಥರ ಸಹಿ ಇತ್ತು. ಆ ಬಡಾವಣೆಗಳ ಇಬ್ಬರು ಮಕ್ಕಳು ಹಿಂದಿನ ವಾರ ತೀರಿಕೊಂಡಿದ್ದರು.

"ಶುಕ್ರವಾರ ರಿಜಿಸ್ಟರನ್ನ ಆರೋಗ್ಯ ಇಲಾಖೆಗೆ ಕೊಡ್ತೀನಿ ಅಂದಳು," ಎಂದರು ಮುಖ್ಯಸ್ಥರು. ದನಿ ಕುಸಿದಿತ್ತು. "ಕಟ್ಟೆ ಮೇಲೆ ಕೈ ಮುಗಿದು ಕೇಳ್ಕೊಂಡೆ. ಆಗಲ್ಲ ಸರ್ ಅಂತ ಬಗ್ಗಿ ಬಾಟ್ಲಿ ತುಂಬಿಸ್ತಿದ್ದಳು."

"ಕೇಳ್ಕೊಳ್ಳೋಕೆ ಬಂದವರ ಜೇಬಲ್ಲಿ, ತಲೆ ಕತ್ತರಿಸಿದ ಹಾಳೆ ಮೊದಲೇ ಇತ್ತಲ್ಲ ಸರ್."

ಮುಖ್ಯಸ್ಥರು ಜೇಬಿನ ಕೆಂಪು ಪೆನ್ನನ್ನು ನೆಟ್ಟಗೆ ಮಾಡಿಕೊಂಡರು. "ಪದ್ಯವನ್ನಂತೂ ನಾನು ಹಾಳು ಮಾಡಲಿಲ್ಲ. ಒಂದು ಮಟ್ಟಕ್ಕೆ ತಂದೆ," ಎಂದರು.

ಪೇದೆ ಕೋಳ ಹಾಕಿದ.

*  *  *

ವಾರದ ನಂತರ ಇನ್ಸ್‌ಪೆಕ್ಟರ್ ಮುದ್ರಣಾಲಯಕ್ಕೆ ಹೋದರು. ಗೆಳತಿ ರಾಶಿ ಪ್ರೂಫಿನ ನಡುವೆ ಕುಳಿತಿದ್ದಳು. ಅವರು ಎಲ್ಲವನ್ನೂ ವಿವರಿಸಿದರು.

"ನಿಮ್ಮ ಪ್ರಶ್ನೆಗೆ ಅವಳು ಕೊಟ್ಟ ಉತ್ತರದಿಂದಲೇ ಇದು ಆತ್ಮಹತ್ಯೆ ಅಲ್ಲ ಅಂತ ಗೊತ್ತಾಗಿದ್ದು. ನೀವು ಒಂದು ಪದ ಸೇರಿಸಿದ್ರೂ ಯಾವುದು ಅವಳದ್ದು, ಯಾವುದು ನಿಮ್ಮದು, ಯಾವುದು ಅವನದ್ದು ಅಂತ ಕೋರ್ಟಲ್ಲಿ ಬಿಡಿಸೋಕಾಗ್ತಿರಲಿಲ್ಲ. ಅವನು ತಿದ್ದಿದ್ದು ನಿಮ್ಮ ಫೋನಲ್ಲಿ ಎಲ್ಲೂ ಬೆರೀಲಿಲ್ಲ."

ಗೆಳತಿ ತಲೆಯಾಡಿಸಿದಳು. ಸಮಾಧಾನ ಮುಖಕ್ಕೆ ಬರಲಿಲ್ಲ.

"ಅವಳಣ್ಣ ಬಂದಿದ್ದ," ಎಂದಳು. "ನಾಲ್ಕು ಸಾಲನ್ನ ಕಾರ್ಡ್ ಮಾಡಿ ಹಂಚಬೇಕಂತೆ. ಮುಗಿದೇ ಇಲ್ವಲ್ಲ, ಕೊನೆ ಸಾಲು ನೀನೇ ಬರೆದುಕೊಡಮ್ಮ, ನಿನ್ನಷ್ಟು ಅವಳನ್ನ ಬಲ್ಲವರು ಯಾರಿದ್ದಾರೆ ಅಂದ."

"ನಿಮಗೆ ಬರೆಯೋಕೆ ಬರಲ್ವಾ?"

"ಬರುತ್ತೆ ಮೇಡಂ." ಗೆಳತಿ ಪೆನ್ನಿನ ಕ್ಯಾಪ್ ಮುಚ್ಚಿದಳು. "ಅವಳದ್ದೇ ಅನ್ನಿಸೋ ಹಾಗೆ ಬರೆಯಬಲ್ಲೆ. ಯಾರಿಗೂ ಗೊತ್ತಾಗಲ್ಲ. ಮೂರು ದಿನದಿಂದ ಒಂದು ಸಾಲು ತಲೆಯಲ್ಲಿ ಕೂತಿದೆ. ಭಾನುವಾರ ಅವಳು ಬಾಯಲ್ಲಿ ಹೇಳ್ಬೇಕಿದ್ದದ್ದು ಇದೇನಾ ಅಲ್ವಾ ಅಂತ ಕೇಳೋಕೆ ಅವಳಿಲ್ಲ."

ಅವಳು ಮೇಜಿನ ಮೇಲಿದ್ದ ಕಾರ್ಡಿನ ಪ್ರೂಫನ್ನು ಇನ್ಸ್‌ಪೆಕ್ಟರ್ ಕಡೆಗೆ ತಿರುಗಿಸಿದಳು. ನಾಲ್ಕು ಸಾಲು ಅಚ್ಚಾಗಿದ್ದವು. ಅಂಚಿನಲ್ಲಿ, ಅಚ್ಚುಮೊಳೆ ಜೋಡಿಸುವವನಿಗೆ ಅವಳು ಒಂದೇ ಸೂಚನೆ ಬರೆದಿದ್ದಳು: "ಕೆಳಗೆ ಒಂದು ಸಾಲಿನ ಜಾಗ ಬಿಡಿ. ತುಂಬಬೇಡಿ."