ಮೂವತ್ತು ನಿಮಿಷ

ಪರದೆಯ ಮೇಲೆ ಆರು ಖಾಲಿ ಚೌಕಗಳು ಕಾಣುತ್ತಿದ್ದವು. ಅದಕ್ಕೂ ಮೊದಲು ಒಂದು ಮೊಬೈಲ್ ನಂಬರ್ ಹಾಕಬೇಕು. ಆ ನಂಬರಿಗೆ ಎಸ್‌ಎಂಎಸ್‌ನಲ್ಲಿ ಓಟಿಪಿ ಬರುತ್ತದೆ. ಆ ಆರು ಅಂಕಿಗಳನ್ನು ಇಲ್ಲಿ ಒತ್ತಿದರೆ ಮಾತ್ರ ಬಸ್‌ಸ್ಟ್ಯಾಂಡಿನ ಫ್ರೀ ವೈಫೈ ಓಪನ್ ಆಗುತ್ತದೆ.

ಹರ್ಷಿತ ತುಟಿ ಕಚ್ಚಿಕೊಂಡಳು. ಅವಳ ಕೈಯಲ್ಲಿದ್ದದ್ದು ಅಪ್ಪನ ಹಳೇ ಫೋನ್. ಅದರಲ್ಲಿ ಸಿಮ್ಮೇ ಇಲ್ಲ. ಸಿಮ್ ಇಲ್ಲದ ಫೋನಿಗೆ ಎಸ್‌ಎಂಎಸ್ ಎಲ್ಲಿಂದ ಬರಬೇಕು?

ಅಮ್ಮ ಆಚೆ ಪಾಸ್ ಕೌಂಟರಿನ ಕ್ಯೂನಲ್ಲಿದ್ದಳು. ಹರ್ಷಿತಳಿಗೆ ಈ ವರ್ಷದಿಂದ ಹೊಸಕೋಟೆಯ ಸ್ಕೂಲು. ಜಡಿಗೇನಹಳ್ಳಿಯಿಂದ ದಿನಾ ಓಡಾಡಲು ಪಾಸ್ ಬೇಕು. ಕ್ಯೂ ಬಾಗಿಲವರೆಗೂ ಇತ್ತು. ಅಮ್ಮನ ಬಟನ್ ಫೋನಿಗೆ ಓಟಿಪಿ ಬರುತ್ತದೆ, ನಿಜ. ಆದರೆ ಗೇಮ್ ಡೌನ್‌ಲೋಡ್ ಮಾಡಲು ಅಂದರೆ ಅಮ್ಮ ಕೊಡುವುದಿಲ್ಲ.

ಪಕ್ಕದಲ್ಲಿ ಒಬ್ಬ ಅಜ್ಜಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸಂತೆಗೆ ಕೊತ್ತಂಬರಿ ಸೊಪ್ಪು ತಂದು ಮಾರಿ, ವಾಪಸ್ ಹೋಗುವ ಬಸ್ಸಿಗೆ ಕಾಯುತ್ತಿದ್ದರು. ಹೆಸರು ಮಾರಕ್ಕ ಅಂತ ಆಗಲೇ ಹೇಳಿದ್ದರು. ಅವರ ಮಡಿಲಲ್ಲಿ ಗಾಜು ಒಡೆದ ಒಂದು ಟಚ್ ಫೋನ್ ಇತ್ತು.

"ಅಜ್ಜಿ, ನಿಮ್ ನಂಬರ್ ಹೇಳ್ತೀರಾ? ಒಂದು ಮೆಸೇಜ್ ಬರುತ್ತೆ, ಅಷ್ಟೇ."

"ಯಾತಕ್ಕೆ ಮಗ?"

"ಹೋಂವರ್ಕ್‌ಗೆ. ನೆಟ್‌ನಲ್ಲಿ ನೋಡ್ಬೇಕು."

"ಅಯ್ಯೋ, ಓದೋದಕ್ಕೆ ತಾನೆ, ತಗೋ." ಮಾರಕ್ಕ ಫೋನ್ ತಿರುಗಿಸಿದರು. ಹಿಂದೆ ಚೀಟಿ ಅಂಟಿಸಿ ನಂಬರ್ ಬರೆದಿತ್ತು. ಓಟಿಪಿ ಬಂದಾಗ ಫೋನನ್ನೇ ಅವಳ ಕೈಗೆ ಕೊಟ್ಟುಬಿಟ್ಟರು. "ನನಗೆ ಇಂಗ್ಲಿಷ್ ಬರಲ್ಲ ಕಣವ್ವ, ನೀನೇ ನೋಡ್ಕೊ."

ಹರ್ಷಿತ ಆರು ಅಂಕಿ ಒತ್ತಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಓದದೆ 'ಒಪ್ಪುತ್ತೇನೆ' ಚೌಕಕ್ಕೆ ಟಿಕ್ ಹಾಕಿದಳು. ವೈಫೈ ಬಂತು.

ಬೈಕ್ ರೇಸ್ ಗೇಮ್ ನಿಧಾನವಾಗಿ ಇಳಿಯಿತು. ಅದು ಇಳಿಯುವವರೆಗೆ ಅವಳು ವಿಡಿಯೋ ನೋಡಿದಳು. ಅಜ್ಜಿಗೆ ಕಾಣದಂತೆ ಫೋನನ್ನು ಸ್ವಲ್ಪ ಆಚೆ ತಿರುಗಿಸಿಕೊಂಡಳು. ಗೇಮ್ ಪೂರ್ತಿ ಇಳಿದ ಸ್ವಲ್ಪ ಹೊತ್ತಿಗೆ ನೆಟ್ ತಾನಾಗಿ ನಿಂತುಹೋಯಿತು. ಹೋದರೆ ಹೋಗಲಿ ಅಂದುಕೊಂಡಳು.

ಗಡಿಯಾರ ಮೂರೂವರೆ ತೋರಿಸಿದಾಗ ಮಾರಕ್ಕ ಸೀರೆ ಸರಿಮಾಡಿಕೊಂಡು, ಕೂದಲು ನೀವಿಕೊಂಡರು.

"ಮಗ, ನನಗೂ ಆ ವೈಫೈ ಹಾಕ್ಕೊಡ್ತೀಯಾ? ಶನಿವಾರ ಶನಿವಾರ ಯಾರಾದ್ರೂ ಕಂಡಕ್ಟರ್ ಹಾಕ್ಕೊಡ್ತಾರೆ. ನನ್ನದು ಬರೀ ಮಾತಾಡೋ ಪ್ಯಾಕು, ಇಂಟರ್‌ನೆಟ್ ಇಲ್ಲ. ಮೊಮ್ಮಗಳು ಕೀರ್ತನ ಮೈಸೂರಲ್ಲಿ ಖೋಖೋ ಹಾಸ್ಟೆಲಲ್ಲಿ ಅವಳೆ. ವಾರ್ಡನ್ ಮೇಡಮ್ ಫೋನಲ್ಲಿ ಮೂರೂವರೆಯಿಂದ ಮೂರೂಮುಕ್ಕಾಲು ತನಕ ಮುಖ ತೋರಿಸ್ತಾಳೆ. ಮೊನ್ನೆ ಬಿದ್ದು ಕೈ ಮುರ್ಕೊಂಡವಳಂತೆ. ಏನೂ ಇಲ್ಲ ಅಜ್ಜಿ ಅಂತಾಳೆ. ನೋಡೋ ತನಕ ನನಗೆ ಸಮಾಧಾನ ಇಲ್ಲ."

ಹರ್ಷಿತ ಫೋನ್ ತೆಗೆದುಕೊಂಡಳು. ವೈಫೈ ಆನ್ ಮಾಡಿ, ಬಸ್‌ಸ್ಟ್ಯಾಂಡಿನ ಹೆಸರು ಒತ್ತಿದಳು. ಅದೇ ಪೇಜ್ ಬಂತು. ಅಜ್ಜಿಯ ನಂಬರ್ ಹಾಕಿದಳು. ಈ ಸಲ ಓಟಿಪಿ ಬರಲಿಲ್ಲ. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು.

'ಈ ನಂಬರಿನ ಇಂದಿನ ಮೂವತ್ತು ನಿಮಿಷಗಳು ಮುಗಿದಿವೆ. ನಾಳೆ ಪ್ರಯತ್ನಿಸಿ.'

ಹರ್ಷಿತ ಇನ್ನೊಮ್ಮೆ ಓದಿದಳು. ಒಂದು ನಂಬರಿಗೆ ದಿನಕ್ಕೆ ಮೂವತ್ತು ನಿಮಿಷ. ಯಾವ ಫೋನಿನಲ್ಲಿ ನೋಡಿದರೂ ಲೆಕ್ಕ ಆ ನಂಬರಿನದೇ. ಟಿಕ್ ಹಾಕುವಾಗ ಅವಳು ಓದದ ಸಣ್ಣ ಅಕ್ಷರಗಳಲ್ಲಿ ಇದ್ದದ್ದು ಇದೇ ಇರಬೇಕು.

"ಏನಾಯ್ತವ್ವ?"

"ಅದು... ಸರ್ವರ್ ಡೌನ್ ಅಜ್ಜಿ. ಬರ್ತಿಲ್ಲ."

"ಹೌದಾ." ಮಾರಕ್ಕ ಫೋನ್ ವಾಪಸ್ ತೆಗೆದುಕೊಂಡು ಪರದೆಯನ್ನೇ ನೋಡಿದರು. "ಏನ್ಮಾಡಕ್ಕಾಗುತ್ತೆ. ಮುಂದಿನ ವಾರ ನೋಡಿದ್ರಾಯ್ತು."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮಾಮೂಲಿ ಕಾಲ್. ಸ್ಪೀಕರಿನಲ್ಲಿ ಒಂದು ಹುಡುಗಿಯ ದನಿ ಕೇಳಿಸಿತು. "ಅಜ್ಜೀ, ಯಾಕೆ ವಿಡಿಯೋಲಿ ಬಂದಿಲ್ಲ? ನಾನು ಕೈಗೆ ಹಾಕಿರೋ ಪಟ್ಟಿ ಮೇಲೆ ಫ್ರೆಂಡ್ಸ್ ಎಲ್ಲರ ಕೈಲೂ ಹೆಸರು ಬರೆಸಿದೀನಿ, ತೋರಿಸೋಣ ಅಂತಿದ್ದೆ."

"ಇಲ್ಲಿ ವೈಫೈ ಕೆಟ್ಟೈತಂತೆ ಕಣವ್ವ. ಪಾಪ, ಇಲ್ಲೊಂದು ಮಗು ನನಗೋಸ್ಕರ ಎಷ್ಟು ಒದ್ದಾಡ್ತು. ಜಾಣ ಮಗು. ಬಸ್‌ಸ್ಟ್ಯಾಂಡಲ್ಲೂ ಓದ್ಕೊತಾ ಕೂತೈತೆ."

ಹರ್ಷಿತಳಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಕ್ಯೂ ಕಡೆ ಓಡಿದಳು. ಅಮ್ಮನ ಮುಂದೆ ಇನ್ನು ಇಬ್ಬರೇ ಇದ್ದರು.

"ಅಮ್ಮ, ನಿನ್ನ ಫೋನ್ ಬೇಕು. ಓಟಿಪಿಗೆ."

"ಯಾವ ಓಟಿಪಿ? ಯಾರಿಗೂ ಕೊಡಬಾರದು ಅಂತ ಹೇಳಿಲ್ವಾ ನಿನಗೆ?"

"ನೀನು ಹೇಳಿದ್ದೆ. ನಾನೇ ಒಬ್ಬ ಅಜ್ಜಿ ಹತ್ರ ಇಸ್ಕೊಂಡೆ." ಮುಂದಿನದನ್ನು ಅವಳು ನೆಲ ನೋಡಿಕೊಂಡು ಹೇಳಿದಳು. ಗೇಮ್, ಹೋಂವರ್ಕ್ ಅಂದದ್ದು, ಮೂವತ್ತು ನಿಮಿಷ, ಸರ್ವರ್ ಡೌನ್ ಅಂದದ್ದು. ಹಿಂದೆ ನಿಂತಿದ್ದ ಹೆಂಗಸರಿಗೂ ಎಲ್ಲ ಕೇಳಿಸಿತು. ಒಬ್ಬರು ಪಿಸುಗುಟ್ಟಿದರು.

ಅಮ್ಮ ಬೈಯಲಿಲ್ಲ. ಕೌಂಟರ್ ಕಡೆ ಒಮ್ಮೆ ನೋಡಿ, ಕ್ಯೂ ಬಿಟ್ಟು ಬಂದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹರ್ಷಿತಳಿಗೆ.

ಮಾರಕ್ಕ ಮಾತು ಮುಗಿಸಿ ಸುಮ್ಮನೆ ಕೂತಿದ್ದರು. ಮೂರು ಮೂವತ್ತೆಂಟು.

"ಅಜ್ಜಿ, ಫೋನ್ ಕೊಡಿ. ಅಮ್ಮನ ನಂಬರಲ್ಲಿ ಹಾಕ್ತೀನಿ."

ಅಜ್ಜಿಯ ಫೋನಿನ ಪೇಜಿನಲ್ಲಿ ಅಮ್ಮನ ನಂಬರ್ ಒತ್ತಿದಳು. ಈ ಸಲ ಸಣ್ಣ ಅಕ್ಷರಗಳನ್ನೂ ಓದಿ ಟಿಕ್ ಹಾಕಿದಳು. ಅಮ್ಮನ ಬಟನ್ ಫೋನ್ ಸುಮ್ಮನೇ ಇತ್ತು. ಅರ್ಧ ನಿಮಿಷ ಕಾದು 'ಮತ್ತೆ ಕಳಿಸಿ' ಒತ್ತಿದಳು. ಒಟ್ಟಿಗೇ ಎರಡು ಮೆಸೇಜ್ ಬಂದವು.

ಅಮ್ಮ ತೆರೆದು, ಕಣ್ಣು ಕಿರಿದು ಮಾಡಿ ಓದಿದಳು. "ವೈಫೈ ಲಾಗಿನ್ ಅಂತಲೇ ಐತೆ. ಬ್ಯಾಂಕಿಂದಲ್ಲ. ಬರ್ಕೊ, ನಾಲ್ಕು, ಸೊನ್ನೆ, ಏಳು..."

ಒತ್ತಿದಳು. 'ತಪ್ಪು ಓಟಿಪಿ.'

"ಅಮ್ಮ, ಅದು ಮೊದಲನೇದು. ಮತ್ತೆ ಕಳಿಸಿ ಅಂದ್ಮೇಲೆ ಹಳೇದು ನಡೆಯಲ್ಲ. ಕೊನೇದು ಓದು."

ಕೊನೆಯದನ್ನು ಓದಿದಾಗ ಪೇಜ್ ಹಸಿರಾಯಿತು. ವಿಡಿಯೋ ಕಾಲ್ ಹೋಯಿತು. ಮೂರು ನಲವತ್ತೆರಡು.

ಎರಡು ಜಡೆಯ ಹುಡುಗಿಯೊಬ್ಬಳು ಕಾಣಿಸಿದಳು. ಬಿಳಿ ಪಟ್ಟಿಯ ಕೈ ಎತ್ತಿ ಹಿಡಿದಿದ್ದಳು. ಅದರ ತುಂಬ ಬಣ್ಣಬಣ್ಣದ ಹೆಸರುಗಳು. ಮಾರಕ್ಕ ಒಡೆದ ಗಾಜಿನ ಮೇಲೆ ಬೆರಳಿಟ್ಟು ಆ ಕೈಯನ್ನು ಸವರಿದರು.

"ಬೆರಳು ಆಡ್ಸು ನೋಡೋಣ," ಅಂದರು. ಕೀರ್ತನ ಬೆರಳು ಆಡಿಸಿದಳು. ಅಜ್ಜಿ ಉಸಿರು ಬಿಟ್ಟರು.

"ಇಗೋ, ಈ ಮಗುನೇ ಹಾಕ್ಕೊಟ್ಟಿದ್ದು," ಎಂದು ಫೋನನ್ನು ಹರ್ಷಿತಳ ಕಡೆ ತಿರುಗಿಸಿದರು.

"ಥ್ಯಾಂಕ್ಸ್ ಕಣೇ," ಅಂದಳು ಕೀರ್ತನ. ಹರ್ಷಿತಳಿಗೆ ಆ ಮುಖ ನೋಡಲಾಗಲಿಲ್ಲ. ಕೀರ್ತನಳ ಹಿಂದೆ ಯಾರೋ "ಟೈಮ್ ಆಯ್ತು, ಮುಂದಿನವರು ಬನ್ನಿ" ಅಂದರು. ಕಾಲ್ ಕಟ್ ಆಯಿತು.

ಅಮ್ಮ ಮಗಳನ್ನೇ ನೋಡುತ್ತಿದ್ದಳು.

"ಅಜ್ಜಿ," ಎಂದಳು ಹರ್ಷಿತ. "ಸರ್ವರ್ ಸರಿಯಾಗೇ ಇತ್ತು. ನಿಮ್ ಮೂವತ್ತು ನಿಮಿಷ ನಾನೇ ಮುಗಿಸಿಬಿಟ್ಟೆ. ಹೋಂವರ್ಕ್ ಅಲ್ಲ. ಗೇಮ್."

ಮಾರಕ್ಕನ ಮುಖದಲ್ಲಿದ್ದ ನಗು ಮಾಸಿತು.

"ಗೇಮ್ ಅಂದಿದ್ರೂ ಕೊಡ್ತಿದ್ನಲ್ಲ ಮಗ," ಅಂದರು ಮೆಲ್ಲಗೆ. "ಮೂರೂವರೆಗೆ ನನಗೂ ಬೇಕು ಅಂತ ಒಂದು ಮಾತು ಹೇಳಿರ್ತಿದ್ದೆ, ಅಷ್ಟೇ."

ಬಸ್ ಬಂತು. ಅವರು ಬುಟ್ಟಿ ಎತ್ತಿಕೊಂಡು ಹೊರಟರು. ತಿರುಗಿ ನೋಡಲಿಲ್ಲ. ನೂಕುನುಗ್ಗಲಿನಲ್ಲಿ ಅವರಿಗೆ ಪುರುಸೊತ್ತಿರಲಿಲ್ಲವೋ, ಬೇರೆ ಏನಾದರೂ ಇತ್ತೋ, ಹರ್ಷಿತಳಿಗೆ ತಿಳಿಯಲಿಲ್ಲ.

ಅಮ್ಮ ಮತ್ತೆ ಕ್ಯೂನ ಕೊನೆಗೆ ಹೋಗಿ ನಿಂತಳು. ಈಗ ಮುಂದೆ ಹದಿನೈದು ಜನ.

"ಹೋಗಿ ಕೂತ್ಕೊ. ಲೇಟಾಗುತ್ತೆ," ಅಂದಳು.

"ಬೇಡ. ನೀನು ಕೂತ್ಕೊ ಅಮ್ಮ. ನಾನು ನಿಂತಿರ್ತೀನಿ."

ಅಮ್ಮ ಹೋಗಿ ಕೂತಳು. ಹರ್ಷಿತ ಕ್ಯೂನಲ್ಲಿ ಒಬ್ಬಳೇ ನಿಂತಳು. ಒಬ್ಬರು ಮುಂದೆ ಹೋದಾಗ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ತುಂಬ ಹೊತ್ತು ಕ್ಯೂ ಕದಲಲಿಲ್ಲ. ಅಮ್ಮ ಇಷ್ಟು ಹೊತ್ತೂ ಹೀಗೇ ನಿಂತಿದ್ದಳು ಎಂಬುದು ಅವಳಿಗೆ ಈಗ ಕಾಲಿನಲ್ಲಿ ಗೊತ್ತಾಗುತ್ತಿತ್ತು.